ಮೂರು ಬಗೆಯ ಸಿವುಡು, ಮೂರು ಸಾಲಿನ ಲೆಕ್ಕ

ಚೀನಾದಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆ, ಹಾನ್ ಅರಸರ ಕಾಲದಲ್ಲಿ, ಒಂದು ಗಣಿತಗ್ರಂಥ ರೂಪುಗೊಂಡಿತು. ಅದರ ಹೆಸರು ‘ಜಿಯುಝಾಂಗ್ ಸುವಾನ್‌ಷು’, ಅಂದರೆ ಒಂಬತ್ತು ಅಧ್ಯಾಯಗಳ ಗಣಿತ. ಹೊಲದ ಅಳತೆ, ಧಾನ್ಯದ ವಿನಿಮಯ, ತೆರಿಗೆಯ ಹಂಚಿಕೆ, ಕಾಲುವೆ ತೋಡುವ ಕೂಲಿ ಹೀಗೆ ಆಡಳಿತಗಾರರಿಗೆ ದಿನವೂ ಎದುರಾಗುತ್ತಿದ್ದ ಲೆಕ್ಕಗಳೆಲ್ಲ ಅದರಲ್ಲಿವೆ. ಎಂಟನೆಯ ಅಧ್ಯಾಯದ ಹೆಸರು ‘ಫಾಂಗ್‌ಚೆಂಗ್’. ಆ ಅಧ್ಯಾಯದ ಮೊದಲ ಲೆಕ್ಕವನ್ನೇ ನಾವಿಲ್ಲಿ ಬಿಡಿಸೋಣ. ಇಂದು ಪಿಯುಸಿ ವಿದ್ಯಾರ್ಥಿಗಳು ಮಾತೃಕೆಗಳ ಪಾಠದಲ್ಲಿ ಮಾಡುವ ಕೆಲಸ ಬಹುಪಾಲು ಆ ಒಂದೇ ಲೆಕ್ಕದಲ್ಲಿ ಅಡಗಿದೆ.

ಲೆಕ್ಕ ಹೀಗಿದೆ. ಧಾನ್ಯದ ಸಿವುಡುಗಳಲ್ಲಿ ಮೂರು ತರ: ಮೇಲ್ತರ, ನಡುತರ, ಕೆಳತರ. ಮೇಲ್ತರದ 3, ನಡುತರದ 2, ಕೆಳತರದ 1 ಸಿವುಡನ್ನು ಬಡಿದಾಗ 39 ದೌ ಕಾಳು ಸಿಕ್ಕಿತು. ಮೇಲ್ತರದ 2, ನಡುತರದ 3, ಕೆಳತರದ 1 ಸಿವುಡಿನಿಂದ 34 ದೌ ಸಿಕ್ಕಿತು. ಮೇಲ್ತರದ 1, ನಡುತರದ 2, ಕೆಳತರದ 3 ಸಿವುಡಿನಿಂದ 26 ದೌ. ಹಾಗಾದರೆ ಒಂದೊಂದು ತರದ ಒಂದೊಂದು ಸಿವುಡಿನಲ್ಲಿ ಎಷ್ಟೆಷ್ಟು ಕಾಳಿದೆ? ದೌ ಎಂಬುದು ಆ ಕಾಲದ ಅಳತೆ, ನಮ್ಮ ಲೆಕ್ಕದಲ್ಲಿ ಸುಮಾರು 2 ಲೀಟರ್.

ಮೇಲ್ತರದ ಒಂದು ಸಿವುಡಿನ ಕಾಳನ್ನು x, ನಡುತರದ್ದನ್ನು y, ಕೆಳತರದ್ದನ್ನು z ಎಂದು ಕರೆದರೆ ಮೂರು ಸಮೀಕರಣಗಳು ಸಿಗುತ್ತವೆ:

```
3x + 2y +  z = 39     (1)
2x + 3y +  z = 34     (2)
 x + 2y + 3z = 26     (3)
```

ಊಹೆಯಿಂದ ಇದನ್ನು ಬಿಡಿಸುವುದು ಕಷ್ಟ. ಮೂರು ಸಂಖ್ಯೆಗಳೂ ಒಂದಕ್ಕೊಂದು ತಳಕು ಹಾಕಿಕೊಂಡಿವೆ. X ಅನ್ನು ಚೂರು ಹೆಚ್ಚಿಸಿದರೆ y, z ಎರಡೂ ಅಲುಗಾಡುತ್ತವೆ. ಹಾಗಾಗಿ ತಳಕು ಬಿಡಿಸುವುದೇ ಮೊದಲ ಕೆಲಸ. ಮೂರು ಅಜ್ಞಾತಗಳಿರುವಲ್ಲಿ ಒಂದನ್ನು ಹೊರಗೆ ಹಾಕಿ ಎರಡಕ್ಕೆ ಇಳಿಸಬೇಕು, ಎರಡಿರುವಲ್ಲಿ ಇನ್ನೊಂದನ್ನು ಹೊರಗೆ ಹಾಕಿ ಒಂದಕ್ಕೆ ಇಳಿಸಬೇಕು. ನಮ್ಮ ಹತ್ತನೆಯ ತರಗತಿಯ ಪುಸ್ತಕದಲ್ಲಿ ಇದನ್ನೇ ವರ್ಜಿಸುವ ವಿಧಾನ ಎನ್ನುತ್ತಾರೆ.

ಎರಡು ಅಜ್ಞಾತಗಳ ಮಟ್ಟದಲ್ಲಿ ಈ ವಿದ್ಯೆ ಕನ್ನಡ ನಾಡಿಗೂ ಹಳೆಯದೇ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಆಸುಪಾಸಿನಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಅದರಲ್ಲಿ ಹಣ್ಣಿನ ಬೆಲೆಯ ಒಂದು ಲೆಕ್ಕವಿದೆ: 9 ಮಾದಳದ ಹಣ್ಣು, 7 ಬೇಲದ ಹಣ್ಣು ಸೇರಿ ಬೆಲೆ 107, 7 ಮಾದಳ, 9 ಬೇಲ ಸೇರಿ 101. ಮಹಾವೀರ ಹೇಳುವ ದಾರಿಯಲ್ಲಿ ದೊಡ್ಡ ಬೆಲೆಯನ್ನು 9ರಿಂದಲೂ ಸಣ್ಣ ಬೆಲೆಯನ್ನು 7ರಿಂದಲೂ ಗುಣಿಸಿ ಕಳೆಯಬೇಕು. 963ರಲ್ಲಿ 707 ಕಳೆದರೆ 256. ಹಾಗೆ ಗುಣಿಸಿದಾಗ ಬೇಲದ ಹಣ್ಣು ಎರಡೂ ಕಡೆ 63 ಆಗಿ ಒಂದನ್ನೊಂದು ಹೊಡೆದುಹಾಕುತ್ತದೆ; ಮಾದಳ 81ರಲ್ಲಿ 49 ಹೋಗಿ 32 ಉಳಿಯುತ್ತದೆ. 256ನ್ನು 32ರಿಂದ ಭಾಗಿಸಿದರೆ ಒಂದು ಮಾದಳಕ್ಕೆ 8, ಅದರಿಂದ ಒಂದು ಬೇಲಕ್ಕೆ 5. ಇಲ್ಲಿ ಬಂದ 32 ಎಂಬ ಸಂಖ್ಯೆಯನ್ನು ನೆನಪಿಡಿ. ಅದರ ದಾಯಾದಿಯೊಬ್ಬ ನಮ್ಮ ಸಿವುಡಿನ ಲೆಕ್ಕದಲ್ಲೂ ಬರಲಿದ್ದಾನೆ.

ಮೂರು ಅಜ್ಞಾತಗಳಿಗೂ ಇದೇ ಉಪಾಯ. ಚೀನಾದ ಗಣಕರು ಬಿದಿರಿನ ಕಡ್ಡಿಗಳನ್ನು ಹಲಗೆಯ ಮೇಲೆ ಜೋಡಿಸಿ ಲೆಕ್ಕ ಮಾಡುತ್ತಿದ್ದರು. ಮೊದಲ ಅಳತೆಯ ಸಂಖ್ಯೆಗಳನ್ನು ಬಲಗಡೆಯ ಕಂಬಸಾಲಿನಲ್ಲಿ, ಎರಡನೆಯದನ್ನು ನಡುವೆ, ಮೂರನೆಯದನ್ನು ಎಡಗಡೆ ಇಡುತ್ತಿದ್ದರು. ಮೇಲ್ತರದ ಸಂಖ್ಯೆ ಎಲ್ಲಕ್ಕಿಂತ ಮೇಲೆ, ಒಟ್ಟು ಕಾಳು ಎಲ್ಲಕ್ಕಿಂತ ಕೆಳಗೆ. x, y, z ಅಕ್ಷರಗಳೇ ಅವರಿಗೆ ಬೇಕಿರಲಿಲ್ಲ. ಹಲಗೆಯ ಮೇಲಿನ ಜಾಗವೇ ಅಕ್ಷರದ ಕೆಲಸ ಮಾಡುತ್ತಿತ್ತು. ನಾವು ಅವರ ಕಂಬಸಾಲುಗಳನ್ನು ಅಡ್ಡಸಾಲುಗಳಾಗಿ ಮಲಗಿಸಿ ಬರೆಯೋಣ:

```
3   2   1  |  39
2   3   1  |  34
1   2   3  |  26
```

ಈಗ ಮೊದಲ ಸಾಲಿನ 3ನ್ನು ಆಧಾರ ಮಾಡಿಕೊಂಡು ಅದರ ಕೆಳಗಿನ 2 ಮತ್ತು 1ನ್ನು ಸೊನ್ನೆ ಮಾಡಬೇಕು. ಎರಡನೆಯ ಸಾಲನ್ನು ಇಡಿಯಾಗಿ 3ರಿಂದ ಗುಣಿಸಿದರೆ 6, 9, 3, 102. ಅದರಿಂದ ಮೊದಲ ಸಾಲನ್ನು ಎರಡು ಸಲ ಕಳೆಯಿರಿ. 6ರಲ್ಲಿ 6 ಹೋದರೆ ಸೊನ್ನೆ, 9ರಲ್ಲಿ 4 ಹೋದರೆ 5, 3ರಲ್ಲಿ 2 ಹೋದರೆ 1, 102ರಲ್ಲಿ 78 ಹೋದರೆ 24. ಮೂರನೆಯ ಸಾಲನ್ನೂ 3ರಿಂದ ಗುಣಿಸಿದರೆ 3, 6, 9, 78. ಅದರಿಂದ ಮೊದಲ ಸಾಲನ್ನು ಒಂದು ಸಲ ಕಳೆದರೆ 0, 4, 8, 39.

```
3   2   1  |  39
0   5   1  |  24
0   4   8  |  39
```

ಹೀಗೆ ಸಾಲಿನಿಂದ ಸಾಲನ್ನು ಕಳೆಯುವುದು ಯಾಕೆ ನ್ಯಾಯ? ಮೂರನೆಯ ಅಳತೆಯನ್ನು ಮೂರು ಪಟ್ಟು ಮಾಡಿದರೆ ಸಿವುಡುಗಳೂ ಮೂರು ಪಟ್ಟಾಗುತ್ತವೆ, ಕಾಳೂ ಮೂರು ಪಟ್ಟಾಗುತ್ತದೆ. ಆ ರಾಶಿಯಿಂದ ಮೊದಲ ಅಳತೆಯ ಸಿವುಡುಗಳನ್ನು ತೆಗೆದರೆ ಅವುಗಳ 39 ದೌ ಕಾಳೂ ಹೋಗುತ್ತದೆ. ಉಳಿದ ಸಿವುಡುಗಳಲ್ಲಿ ಉಳಿದ ಕಾಳಿದೆ. ಅಂದರೆ ನಡುತರದ 4 ಮತ್ತು ಕೆಳತರದ 8 ಸಿವುಡುಗಳಲ್ಲಿ 39 ದೌ. ಇದು ಯಾರೂ ಬಡಿದು ಅಳೆಯದ ರಾಶಿ. ಆದರೂ ಅಳೆದಷ್ಟೇ ನಿಜ.

ಇದರ ಜೊತೆಗೇ ಇನ್ನೊಂದು ಮಾತಿದೆ, ತರಗತಿಗಳಲ್ಲಿ ಇದನ್ನು ಬಿಡಿಸಿ ಹೇಳುವುದು ಕಡಿಮೆ. ಹೊಸ ಸಾಲು ಹಳೆಯ ಸಾಲುಗಳಿಂದ ಬಂದಿದೆ ಎಂದಷ್ಟೇ ತಿಳಿದರೆ ಸಾಲದು; ಹೊಸ ಸಾಲಿನಿಂದ ಹಳೆಯದಕ್ಕೆ ವಾಪಸು ಹೋಗಲೂ ಆಗಬೇಕು. 0, 4, 8, 39ಕ್ಕೆ ಮೊದಲ ಸಾಲನ್ನು ಕೂಡಿಸಿ 3ರಿಂದ ಭಾಗಿಸಿದರೆ 1, 2, 3, 26 ಮತ್ತೆ ಸಿಗುತ್ತದೆ. ದಾರಿ ಎರಡೂ ಕಡೆ ತೆರೆದಿರುವುದರಿಂದ ಹಳೆಯ ಮೂರು ಸಾಲುಗಳಿಗೆ ಯಾವ ಉತ್ತರವೋ ಹೊಸ ಮೂರು ಸಾಲುಗಳಿಗೂ ಅದೇ ಉತ್ತರ. ಒಂದೂ ಕಳೆದುಹೋಗಿಲ್ಲ, ಹೊಸದೊಂದು ನುಸುಳಿಲ್ಲ. ಸಾಲನ್ನು ಸೊನ್ನೆಯಿಂದ ಗುಣಿಸಬಾರದು ಎಂಬ ನಿಯಮದ ಕಾರಣವೂ ಇದೇ. ಸೊನ್ನೆಯಿಂದ ಗುಣಿಸಿದ ಮೇಲೆ ವಾಪಸು ಬರಲು ದಾರಿಯಿಲ್ಲ.

ಮುಂದಿನ ಹೆಜ್ಜೆಯಲ್ಲಿ ಎರಡನೆಯ ಸಾಲಿನ 5 ಆಧಾರ, ಅದರ ಕೆಳಗಿನ 4 ಹೋಗಬೇಕು. ಮೂರನೆಯ ಸಾಲನ್ನು 5ರಿಂದ ಗುಣಿಸಿದರೆ 20, 40, 195. ಎರಡನೆಯ ಸಾಲಿನ ನಾಲ್ಕು ಪಟ್ಟು 20, 4, 96. ಕಳೆದರೆ 0, 36, 99.

```
3   2   1  |  39
0   5   1  |  24
0   0  36  |  99
```

ಈಗ ಕೊನೆಯ ಸಾಲು 36z = 99 ಎಂದಷ್ಟೇ ಹೇಳುತ್ತಿದೆ. z = 99/36, ಅಂದರೆ 2¾ ದೌ. ಇಲ್ಲಿಂದ ಮೇಲಕ್ಕೆ ಹತ್ತಬೇಕು. ಎರಡನೆಯ ಸಾಲಿನಲ್ಲಿ 5y + 2¾ = 24, ಆದ್ದರಿಂದ 5y = 21¼, y = 4¼. ಮೊದಲ ಸಾಲಿನಲ್ಲಿ 3x + 8½ + 2¾ = 39, ಆದ್ದರಿಂದ 3x = 27¾, x = 9¼. ಗ್ರಂಥ ಕೊಡುವ ಉತ್ತರವೂ ಇದೇ: ಮೇಲ್ತರ 9¼, ನಡುತರ 4¼, ಕೆಳತರ 2¾.

ಭಿನ್ನರಾಶಿಗಳ ಗೋಜಲು ತಪ್ಪಿಸಲು ಆ ಗಣಕರು ಮಾಡಿದ ಕೆಲಸವನ್ನು ನಾನು ತುಂಬ ಮೆಚ್ಚುತ್ತೇನೆ. ಅವರು z ಸಿಕ್ಕ ಕೂಡಲೇ ಭಾಗಿಸುವುದಿಲ್ಲ. 36ನ್ನು ಎಲ್ಲ ಉತ್ತರಗಳಿಗೂ ಸಮಾನ ಛೇದವಾಗಿ ಇಟ್ಟುಕೊಂಡು ಅಂಶಗಳನ್ನು ಮಾತ್ರ ಹುಡುಕುತ್ತಾರೆ. z ಅಂಶ 99. y ಬೇಕಾದರೆ 24ನ್ನು 36ರಿಂದ ಗುಣಿಸಿ 864, ಅದರಲ್ಲಿ 99 ಕಳೆದು 765, ಅದನ್ನು 5ರಿಂದ ಭಾಗಿಸಿ 153. x ಬೇಕಾದರೆ 39ನ್ನು 36ರಿಂದ ಗುಣಿಸಿ 1404, ಅದರಲ್ಲಿ 99 ಮತ್ತು 153ರ ಎರಡು ಪಟ್ಟು ಕಳೆದು 999, ಅದನ್ನು 3ರಿಂದ ಭಾಗಿಸಿ 333. ಉತ್ತರಗಳು 333/36, 153/36, 99/36. ಕೊನೆಯವರೆಗೂ ಕೈಯಲ್ಲಿ ಪೂರ್ಣಾಂಕಗಳೇ. ನಮ್ಮ ಪುಸ್ತಕಗಳ ರೂಢಿಯಂತೆ ಎರಡನೆಯ ಸಾಲಿನಿಂದ ಮೊದಲ ಸಾಲಿನ ಮೂರರಲ್ಲೆರಡು ಪಾಲನ್ನು ಕಳೆಯಲು ಹೊರಟರೆ ಮೊದಲ ಹೆಜ್ಜೆಯಲ್ಲೇ ಭಿನ್ನರಾಶಿ ಕಾಲಿಗೆ ತೊಡರುತ್ತದೆ. ಕೈಲೆಕ್ಕದಲ್ಲಿ ತಪ್ಪುಗಳು ಹುಟ್ಟುವುದು ಹೆಚ್ಚಾಗಿ ಅಲ್ಲೇ.

ಕ್ರಿ.ಶ. 263ರಲ್ಲಿ ಲಿಯು ಹುಯಿ ಎಂಬ ವಿದ್ವಾಂಸ ಈ ಗ್ರಂಥಕ್ಕೆ ಟೀಕೆ ಬರೆದು ಹೆಜ್ಜೆಗಳ ಹಿಂದಿನ ಕಾರಣಗಳನ್ನು ವಿವರಿಸಿದ. ನಮ್ಮ ಲೆಕ್ಕದಲ್ಲಿ ಕಳೆಯುವಾಗ ಋಣಸಂಖ್ಯೆ ಬರಲಿಲ್ಲ, ಆದರೆ ಅದೇ ಅಧ್ಯಾಯದ ಮುಂದಿನ ಲೆಕ್ಕಗಳಲ್ಲಿ ಬರುತ್ತದೆ. ಅದಕ್ಕಾಗಿ ಧನ ಋಣಗಳನ್ನು ಕೂಡುವ ಕಳೆಯುವ ನಿಯಮಗಳು ಗ್ರಂಥದಲ್ಲೇ ಇವೆ. ಧನಸಂಖ್ಯೆಗೆ ಕೆಂಪು ಕಡ್ಡಿ, ಋಣಸಂಖ್ಯೆಗೆ ಕಪ್ಪು ಕಡ್ಡಿ ಎಂದು ಲಿಯು ಹುಯಿ ತಿಳಿಸುತ್ತಾನೆ. ಈ ವಿಧಾನವನ್ನು ಇಂದು ಜಗತ್ತು ಗೌಸ್ ಹೆಸರಿನಿಂದ ಕರೆಯುತ್ತದೆ. ಜರ್ಮನಿಯ ಕಾರ್ಲ್ ಫ್ರೆಡ್ರಿಕ್ ಗೌಸ್ 1810ರ ಸುಮಾರಿಗೆ ಪಲ್ಲಾಸ್ ಎಂಬ ಕ್ಷುದ್ರಗ್ರಹದ ಕಕ್ಷೆಯನ್ನು ಲೆಕ್ಕಹಾಕುವಾಗ ಆರು ಅಜ್ಞಾತಗಳನ್ನು ಹೀಗೇ ಒಂದೊಂದಾಗಿ ಹೊರಹಾಕಿದ್ದ. ಅಷ್ಟು ಹೊತ್ತಿಗೆ ಫಾಂಗ್‌ಚೆಂಗ್ ಅಧ್ಯಾಯಕ್ಕೆ ಹದಿನೇಳು ಶತಮಾನಗಳಿಗೂ ಹೆಚ್ಚು ವಯಸ್ಸಾಗಿತ್ತು.

ಕಣ್ಣು ಚುರುಕಾಗಿದ್ದವರು ಇದೇ ಲೆಕ್ಕವನ್ನು ಇನ್ನೂ ಬೇಗ ಮುಗಿಸಬಹುದು. ಮೊದಲ ಎರಡು ಸಮೀಕರಣಗಳಲ್ಲಿ z ಒಂದೇ ಸಮನಾಗಿದೆ; ಒಂದರಿಂದ ಇನ್ನೊಂದನ್ನು ಕಳೆದರೆ ನೇರವಾಗಿ x - y = 5. ಮೊದಲನೆಯದನ್ನು ಮೂರು ಪಟ್ಟು ಮಾಡಿ ಮೂರನೆಯದನ್ನು ಕಳೆದರೆ 8x + 4y = 91. ಇದರಲ್ಲಿ x ಬದಲಿಗೆ y + 5 ಹಾಕಿದರೆ 12y = 51. ಪರೀಕ್ಷೆಯ ಕೊಠಡಿಯಲ್ಲಿ ಇಂಥ ಅಡ್ಡದಾರಿ ಸಮಯ ಉಳಿಸುತ್ತದೆ, ಬಳಸಿ. ಆದರೆ ಅದು ಈ ಲೆಕ್ಕದ ಅದೃಷ್ಟ. ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ನಡೆಯುವ ನಿಯಮಬದ್ಧ ದಾರಿ ಎಂಥ ಸಂಖ್ಯೆಗಳಿಗೂ ನಡೆಯುತ್ತದೆ. ಆಧಾರದ ಜಾಗದಲ್ಲಿ ಸೊನ್ನೆ ಕೂತಿದ್ದರೆ ಮಾತ್ರ ಕೆಳಗಿನ ಬೇರೊಂದು ಸಾಲನ್ನು ಮೇಲಕ್ಕೆ ತಂದುಕೊಳ್ಳಬೇಕು.

ಇನ್ನು ತಾಳೆ ನೋಡುವ ಕೆಲಸ. ಬಹಳ ಮಂದಿ ಸಿಕ್ಕ ಉತ್ತರವನ್ನು ಮೊದಲ ಸಮೀಕರಣದಲ್ಲಿ ಹಾಕಿ ನೋಡಿ, 39 ಬಂತೆಂದು ಸಮಾಧಾನಪಟ್ಟು ಪುಟ ತಿರುಗಿಸುತ್ತಾರೆ. ಇದರಿಂದ ಏನೂ ಸಾಬೀತಾಗುವುದಿಲ್ಲ. x ಅನ್ನು ಕಂಡುಹಿಡಿದದ್ದೇ ಮೊದಲ ಸಮೀಕರಣದಿಂದ ತಾನೇ? y, z ಎಷ್ಟೇ ತಪ್ಪಿರಲಿ, ಮೊದಲ ಸಾಲಿನಿಂದ x ಬಿಡಿಸಿಕೊಂಡ ಮೇಲೆ ಆ ಸಾಲು ಹೊಂದಲೇಬೇಕು.

ಒಂದು ತಪ್ಪನ್ನು ಬೇಕೆಂದೇ ಮಾಡಿ ನೋಡೋಣ. ಒಬ್ಬ ವಿದ್ಯಾರ್ಥಿ ಮೊದಲ ಹೆಜ್ಜೆಯಲ್ಲಿ 102ರಿಂದ 78 ಕಳೆದು 24ರ ಬದಲು 34 ಎಂದು ಬರೆದ ಎನ್ನಿ. ಮಿಕ್ಕ ಎಲ್ಲವನ್ನೂ ಸರಿಯಾಗಿಯೇ ಮಾಡಿದ. ಅವನಿಗೆ 36z = 59 ಸಿಗುತ್ತದೆ. ಅಲ್ಲಿಂದ ಮೇಲೆ ಹತ್ತಿ z = 59/36, y = 233/36, x = 293/36 ಎಂದು ಮುಗಿಸುತ್ತಾನೆ. ಛೇದ ನಮ್ಮ ಸರಿ ಉತ್ತರದ್ದೇ, ಎಲ್ಲವೂ ಧನಸಂಖ್ಯೆಗಳು, ಮೇಲ್ತರದಲ್ಲಿ ಹೆಚ್ಚು ಕಾಳು, ಕೆಳತರದಲ್ಲಿ ಕಡಿಮೆ. ನೋಡಿದರೆ ಅನುಮಾನಕ್ಕೆ ಎಡೆಯೇ ಇಲ್ಲ. ಮೊದಲ ಸಮೀಕರಣದಲ್ಲಿ ಹಾಕಿದರೆ ಸರಿಯಾಗಿ 39. ಮೂರನೆಯದರಲ್ಲಿ ಹಾಕಿದರೂ 293ಕ್ಕೆ 466, 177 ಸೇರಿ 936. 36ರಿಂದ ಭಾಗಿಸಿದರೆ ಸರಿಯಾಗಿ 26. ಮೂರರಲ್ಲಿ ಎರಡು ಸಮೀಕರಣಗಳು ತಪ್ಪು ಉತ್ತರವನ್ನು ಒಪ್ಪಿಕೊಂಡವು! ಎರಡನೆಯದು ಮಾತ್ರ 34ರ ಬದಲು 37⅓ ಎಂದು ಗುಟ್ಟು ಹೊರಹಾಕುತ್ತದೆ.

ಆದ್ದರಿಂದ ತಾಳೆ ನೋಡುವುದಾದರೆ ಮೂರೂ ಸಾಲುಗಳಲ್ಲಿ, ಅದೂ ಮೊದಲಿಗೆ ಬರೆದುಕೊಂಡ ಸಾಲುಗಳಲ್ಲಿ ನೋಡಬೇಕು. ನಡುವೆ ಬಂದ ಸಾಲುಗಳಲ್ಲಿ ನೋಡಿದರೆ ತಪ್ಪು ಸಾಲೇ ತಪ್ಪು ಉತ್ತರಕ್ಕೆ ಸಾಕ್ಷಿ ಹೇಳುತ್ತದೆ. ಮಾತೃಕೆ ಇಲ್ಲಿ ನಮ್ಮ ನೆರವಿಗೆ ಬರುತ್ತದೆ. ಸಂಖ್ಯೆಗಳ ಈ ಚೌಕಕ್ಕೆ ‘ಮ್ಯಾಟ್ರಿಕ್ಸ್’ ಎಂದು ಇಂಗ್ಲೆಂಡಿನ ಜೇಮ್ಸ್ ಜೋಸೆಫ್ ಸಿಲ್ವೆಸ್ಟರ್ ಹೆಸರಿಟ್ಟದ್ದು 1850ರಲ್ಲಿ. ಅವುಗಳನ್ನು ಕೂಡುವ ಗುಣಿಸುವ ನಿಯಮಗಳನ್ನು ಅವನ ಗೆಳೆಯ ಆರ್ಥರ್ ಕೇಲಿ 1858ರಲ್ಲಿ ವ್ಯವಸ್ಥಿತವಾಗಿ ಬರೆದ. ನಮ್ಮ ಮೂರು ಸಮೀಕರಣಗಳನ್ನು ಕೇಲಿಯ ರೀತಿಯಲ್ಲಿ ಒಂದೇ ಸಾಲಾಗಿ AX = B ಎಂದು ಬರೆಯಬಹುದು. A ಎಂದರೆ ಸಿವುಡುಗಳ ಎಣಿಕೆಯ ಚೌಕ, X ಎಂದರೆ ಉತ್ತರಗಳ ಕಂಬಸಾಲು, B ಎಂದರೆ ಅಳೆದ ಕಾಳಿನ ಕಂಬಸಾಲು. ಗುಣಿಸುವ ರೀತಿ ಸುಲಭ: A ಚೌಕದ ಒಂದು ಅಡ್ಡಸಾಲಿನ ಮೂರು ಸಂಖ್ಯೆಗಳನ್ನು X ಕಂಬಸಾಲಿನ ಮೂರು ಸಂಖ್ಯೆಗಳಿಗೆ ಕ್ರಮವಾಗಿ ಗುಣಿಸಿ ಕೂಡಬೇಕು.

```
3 × 9.25 + 2 × 4.25 + 1 × 2.75 = 27.75 +  8.50 + 2.75 = 39
2 × 9.25 + 3 × 4.25 + 1 × 2.75 = 18.50 + 12.75 + 2.75 = 34
1 × 9.25 + 2 × 4.25 + 3 × 2.75 =  9.25 +  8.50 + 8.25 = 26
```

ಮೂರೂ ಹೊಂದಿದವು. ಹೊಂದದಿದ್ದಾಗಲೂ ಈ ತಾಳೆ ಬರಿಗೈಯಲ್ಲಿ ಕಳಿಸುವುದಿಲ್ಲ. ನಮ್ಮ ವಿದ್ಯಾರ್ಥಿಯ ತಪ್ಪು ಉತ್ತರವನ್ನು ಹಾಕಿದಾಗ ಮೊದಲ ಮತ್ತು ಮೂರನೆಯ ಸಾಲಿನಲ್ಲಿ ವ್ಯತ್ಯಾಸ ಸೊನ್ನೆ, ಎರಡನೆಯದರಲ್ಲಿ 3⅓. ಅಂದರೆ ಮೂರನೆಯ ಸಾಲಿನ ಮೇಲೆ ಮಾಡಿದ ಕೆಲಸ ಸರಿಯಾಗಿದೆ, ಎರಡನೆಯ ಸಾಲನ್ನು ಮಾರ್ಪಡಿಸುವಾಗ ಎಡವಟ್ಟಾಗಿದೆ. ಎಷ್ಟು ಎಂಬುದನ್ನೂ ಹೇಳಬಹುದು: ಆ ಸಾಲನ್ನು ಮೊದಲು 3ರಿಂದ ಗುಣಿಸಿದ್ದೆವು, ಆದ್ದರಿಂದ 3⅓ರ ಮೂರು ಪಟ್ಟು, ಅಂದರೆ 10. ಅವನು 24ರ ಜಾಗದಲ್ಲಿ ಬರೆದದ್ದು ಸರಿಯಾಗಿ 10 ಹೆಚ್ಚು! ಲೆಕ್ಕವನ್ನೆಲ್ಲ ಮೊದಲಿನಿಂದ ಮಾಡಬೇಕಿಲ್ಲ, ಆ ಒಂದು ಕಳೆಯುವಿಕೆಯನ್ನು ತಿದ್ದಿದರೆ ಸಾಕು. ತಪ್ಪು ಬಲಬದಿಯ ಸಂಖ್ಯೆಯಲ್ಲಿ ಒಂದೇ ಕಡೆ ಆಗಿದ್ದಾಗ ಇಷ್ಟು ಚೊಕ್ಕವಾಗಿ ಸಿಕ್ಕಿಬೀಳುತ್ತದೆ. ಎಡಬದಿಯ ಸಂಖ್ಯೆಯಲ್ಲಿ ಆಗಿದ್ದರೆ ಯಾವ ಸಾಲು ಎಂಬ ಸುಳಿವಾದರೂ ಸಿಗುತ್ತದೆ.

ಹೆಜ್ಜೆ ಹೆಜ್ಜೆಗೂ ತಾಳೆ ಬೇಕು ಎನ್ನುವವರಿಗೆ ಕೈಲೆಕ್ಕದ ಕಾಲದ ಗಣಕರ ಉಪಾಯವೊಂದಿದೆ. ಪ್ರತಿ ಸಾಲಿನ ನಾಲ್ಕೂ ಸಂಖ್ಯೆಗಳ ಮೊತ್ತವನ್ನು ಐದನೆಯ ಸಂಖ್ಯೆಯಾಗಿ ಪಕ್ಕದಲ್ಲಿ ಬರೆಯುವುದು. ನಮ್ಮ ಸಾಲುಗಳಿಗೆ ಅದು 45, 40, 32. ಸಾಲಿನ ಮೇಲೆ ಏನು ಮಾಡುತ್ತೇವೋ ಅದನ್ನೇ ಈ ಸಂಖ್ಯೆಯ ಮೇಲೂ ಮಾಡುವುದು. ಎರಡನೆಯ ಸಾಲಿಗೆ 40ರ ಮೂರು ಪಟ್ಟು 120, ಅದರಲ್ಲಿ 45ರ ಎರಡು ಪಟ್ಟು ಕಳೆದರೆ 30. ಹೊಸ ಸಾಲಿನ ಮೊತ್ತ 0, 5, 1, 24 ಸೇರಿ 30. ಹೊಂದಿತು. 24ರ ಬದಲು 34 ಬರೆದಿದ್ದರೆ ಮೊತ್ತ 40 ಆಗಿ ತಪ್ಪು ಅಲ್ಲೇ, ಆ ಕ್ಷಣದಲ್ಲೇ ಕಣ್ಣಿಗೆ ಬೀಳುತ್ತಿತ್ತು. ನಮ್ಮ ಶಾಲೆಗಳಲ್ಲಿ ಇದನ್ನು ಹೇಳಿಕೊಟ್ಟರೆ ಮಕ್ಕಳ ಎಷ್ಟೋ ಕಣ್ಣೀರು ಉಳಿಯುತ್ತದೆ ಎಂದು ನನ್ನ ನಂಬಿಕೆ.

ಮಾತೃಕೆಯಲ್ಲಿ ಇನ್ನೊಂದು ಬಗೆಯ ತಾಳೆಯೂ ಇದೆ. ವರ್ಜಿಸುವ ದಾರಿಯನ್ನು ಮುಟ್ಟದೆ ಬೇರೆಯದೇ ದಾರಿಯಿಂದ ಅದೇ ಉತ್ತರಕ್ಕೆ ಬರುವುದು. ಅದಕ್ಕೆ A ಚೌಕದ ನಿರ್ಧಾರಕ ಬೇಕು. ಮೊದಲ ಸಾಲಿನ ಪ್ರತಿ ಸಂಖ್ಯೆಗೂ ಅದರ ಅಡ್ಡಸಾಲು ಕಂಬಸಾಲು ಎರಡನ್ನೂ ಮುಚ್ಚಿ, ಉಳಿದ ನಾಲ್ಕು ಸಂಖ್ಯೆಗಳನ್ನು ಓರೆಯಾಗಿ ಗುಣಿಸಿ ಕಳೆಯಬೇಕು. ಚಿಹ್ನೆಗಳು ಧನ, ಋಣ, ಧನ.

```
3(3×3 - 1×2) - 2(2×3 - 1×1) + 1(2×2 - 3×1)
= 3×7 - 2×5 + 1×1
= 12
```

ಮಹಾವೀರನ ಹಣ್ಣಿನ ಲೆಕ್ಕದಲ್ಲಿ ಬಂದ 32 ಕೂಡ ಇಂಥದ್ದೇ ನಿರ್ಧಾರಕ. ನಮ್ಮ 12 ಆಗಲೇ ಒಮ್ಮೆ ಇಣುಕಿದೆ: ಅಡ್ಡದಾರಿಯಲ್ಲಿ ಹೋದಾಗ 12y = 51 ಎಂದು ಬಂದಿತ್ತು. ನಿಯಮಬದ್ಧ ದಾರಿಯಲ್ಲೂ ಅದು ಮರೆಯಾಗಿ ಕೂತಿದೆ. ಕೊನೆಯ ಚೌಕದ ಓರೆಗೆ ಇರುವ 3, 5, 36ನ್ನು ಗುಣಿಸಿದರೆ 540. ದಾರಿಯಲ್ಲಿ ನಾವು ಸಾಲುಗಳನ್ನು 3, 3, 5ರಿಂದ ಗುಣಿಸಿದ್ದೆವು, ಅಂದರೆ ಒಟ್ಟು 45 ಪಟ್ಟು ಹಿಗ್ಗಿಸಿದ್ದೆವು. 540ನ್ನು 45ರಿಂದ ಭಾಗಿಸಿದರೆ 12. ಸಾಲಿನಿಂದ ಸಾಲನ್ನು ಕಳೆಯುವುದರಿಂದ ನಿರ್ಧಾರಕ ಬದಲಾಗುವುದಿಲ್ಲ, ಗುಣಿಸಿದರೆ ಮಾತ್ರ ಬದಲಾಗುತ್ತದೆ. ಹೀಗಾಗಿ ಈ ಎರಡು ಸಂಖ್ಯೆಗಳು ಹೊಂದುವುದೂ ಒಂದು ತಾಳೆಯೇ.

ಮೊದಲ ಸಾಲಿಗೆ ಮಾಡಿದ ಮುಚ್ಚಿ ಗುಣಿಸುವ ಕೆಲಸವನ್ನು ಒಂಬತ್ತೂ ಜಾಗಗಳಿಗೆ ಮಾಡಿ, ಚಿಹ್ನೆಗಳನ್ನು ಚದುರಂಗದ ಮಣೆಯಂತೆ ಒಂದು ಬಿಟ್ಟು ಒಂದು ಬದಲಿಸಿ, ಅಡ್ಡಸಾಲುಗಳನ್ನು ಕಂಬಸಾಲುಗಳಾಗಿ ತಿರುಗಿಸಿ, 12ರಿಂದ ಭಾಗಿಸಿದರೆ ವಿಲೋಮ ಮಾತೃಕೆ ಸಿಗುತ್ತದೆ:

```
          |  7  -4  -1 |
(1/12) ×  | -5   8  -1 |
          |  1  -4   5 |
```

ಇದನ್ನು 39, 34, 26 ಎಂಬ ಕಂಬಸಾಲಿಗೆ ಗುಣಿಸಿ. ಮೊದಲ ಸಾಲಿನಿಂದ 273 - 136 - 26 = 111, 12ರಿಂದ ಭಾಗಿಸಿದರೆ 9¼. ಎರಡನೆಯದರಿಂದ -195 + 272 - 26 = 51, ಅಂದರೆ 4¼. ಮೂರನೆಯದರಿಂದ 39 - 136 + 130 = 33, ಅಂದರೆ 2¾. ಬೇರೆ ದಾರಿಯಿಂದ ಬಂದರೂ ಅದೇ ಬಾಗಿಲು. ಕೈಯಲ್ಲಿ ಮಾಡುವಾಗ ಹೆಚ್ಚು ಜಾರುವುದು ಎರಡು ಕಡೆ: ಚಿಹ್ನೆ ಬದಲಿಸುವಲ್ಲಿ ಮತ್ತು ಕೊನೆಗೆ ಸಾಲು ತಿರುಗಿಸುವಲ್ಲಿ. ತಿರುಗಿಸಲು ಮರೆತರೆ x ಜಾಗದಲ್ಲಿ 129/12 ಬರುತ್ತದೆ, AX ಗುಣಿಸಿ ನೋಡಿದರೆ ತಕ್ಷಣ ಗೊತ್ತಾಗುತ್ತದೆ. ಆದರೆ ಉತ್ತರ ಹುಡುಕಲೆಂದೇ ವಿಲೋಮದ ದಾರಿ ಹಿಡಿಯಬೇಡಿ; ಅಜ್ಞಾತಗಳು ಹೆಚ್ಚಾದಷ್ಟೂ ಮುಚ್ಚಿ ಗುಣಿಸುವ ಕೆಲಸ ವಿಪರೀತ ಬೆಳೆಯುತ್ತದೆ. ಕಂಪ್ಯೂಟರುಗಳೂ ದೊಡ್ಡ ಸಮೀಕರಣಗಳನ್ನು ಬಿಡಿಸುವಾಗ ಸಾಮಾನ್ಯವಾಗಿ ವರ್ಜಿಸುವ ದಾರಿಯಲ್ಲೇ ನಡೆಯುತ್ತವೆ.

ನಿರ್ಧಾರಕ ಸೊನ್ನೆ ಬಂದರೆ? 12ರಿಂದ ಭಾಗಿಸಿದಂತೆ ಸೊನ್ನೆಯಿಂದ ಭಾಗಿಸಲಾಗದು. ಮೂರನೆಯ ಅಳತೆಯ ಬದಲು ಯಾರೋ ಮೊದಲ ಎರಡು ರಾಶಿಗಳನ್ನೇ ಸೇರಿಸಿ 5x + 5y + 2z = 73 ಎಂದು ಬರೆದುಕೊಟ್ಟರು ಎನ್ನಿ. ಮೂರು ಸಾಲುಗಳಿದ್ದರೂ ಮಾಹಿತಿ ಎರಡೇ. ವರ್ಜಿಸುತ್ತ ಹೋದರೆ ಎರಡನೆಯ ಸಾಲೂ ಮೂರನೆಯ ಸಾಲೂ ಒಂದೇ ಆಗಿ 0, 5, 1, 24 ಎಂದು ಬರುತ್ತವೆ, ಕಳೆದರೆ ಕೊನೆಯಲ್ಲಿ 0 = 0. ಆಗ z ಅನ್ನು 4 ಎಂದುಕೊಂಡರೆ y = 4, x = 9 ಹೊಂದುತ್ತದೆ; z ಅನ್ನು 1½ ಎಂದುಕೊಂಡರೆ y = 4½, x = 9½ ಕೂಡ ಹೊಂದುತ್ತದೆ. ಉತ್ತರಗಳಿಗೆ ಕೊನೆಯಿಲ್ಲ. ಅದೇ ಸಾಲಿನಲ್ಲಿ 73ರ ಬದಲು 75 ಎಂದಿದ್ದರೆ ಕೊನೆಯಲ್ಲಿ 0 = 6 ಎಂದು ಬರುತ್ತದೆ. ಅಂದರೆ ಅಳತೆಗಳು ಒಂದಕ್ಕೊಂದು ವಿರುದ್ಧ ಹೇಳುತ್ತಿವೆ, ಉತ್ತರವೇ ಇಲ್ಲ. ನಿರ್ಧಾರಕ ಈ ಎರಡೂ ಸಂದರ್ಭಗಳಲ್ಲಿ ಸೊನ್ನೆಯೇ. ಯಾವುದು ಯಾವ ಬಗೆ ಎಂಬುದನ್ನು ವರ್ಜಿಸಿ ನೋಡಿದಾಗಲೇ ತಿಳಿಯುವುದು.

ಒಂದು ತಪ್ಪನ್ನು ಮಾತ್ರ ಯಾವ ತಾಳೆಯೂ ಹಿಡಿಯಲಾರದು: ಕಾಳನ್ನೇ ತಪ್ಪಾಗಿ ಅಳೆದಿದ್ದರೆ. 34 ದೌ ಇದ್ದದ್ದನ್ನು 35 ಎಂದು ಬರೆದುಕೊಂಡರೂ ಸಮೀಕರಣಗಳು ಬಿಡುತ್ತವೆ, ಗುಣಿಸಿ ನೋಡಿದರೆ ಮೂರೂ ಸಾಲು ಹೊಂದುತ್ತವೆ. ಅಂಥ ತಪ್ಪು ಉತ್ತರವನ್ನು ಎಷ್ಟು ಕೆಡಿಸುತ್ತದೆ ಎಂಬುದನ್ನು ಮಾತ್ರ ವಿಲೋಮ ಮಾತೃಕೆ ಮೊದಲೇ ಹೇಳಬಲ್ಲದು. ಅದರ ಎರಡನೆಯ ಕಂಬಸಾಲು ನೋಡಿ: -4, 8, -4, ಎಲ್ಲವೂ 12ರ ಭಾಗ. ಎರಡನೆಯ ಅಳತೆಯಲ್ಲಿ 1 ದೌ ಹೆಚ್ಚಾದರೆ ಮೇಲ್ತರದ ಸಿವುಡಿನ ಉತ್ತರ ಮೂರನೆಯ ಒಂದು ದೌ ಕುಗ್ಗುತ್ತದೆ, ಕೆಳತರದ್ದೂ ಅಷ್ಟೇ ಕುಗ್ಗುತ್ತದೆ, ನಡುತರದ್ದು ಮೂರರಲ್ಲೆರಡು ದೌ ಏರುತ್ತದೆ. 4¼ ದೌ ಇರುವ ಸಿವುಡಿಗೆ ಇದು ದೊಡ್ಡ ಏರುಪೇರು. ಮೂರನೆಯ ಕಂಬಸಾಲಿನಲ್ಲಿ -1, -1, 5; ಆ ಅಳತೆಯಲ್ಲಿ 1 ದೌ ತಪ್ಪಿದರೆ x, y ಹನ್ನೆರಡನೆಯ ಒಂದು ಪಾಲಿನಷ್ಟು ಮಾತ್ರ ಕದಲುತ್ತವೆ, z ಹನ್ನೆರಡರಲ್ಲಿ ಐದು ಪಾಲು ಏರುತ್ತದೆ. ಮೊದಲನೆಯದು ಇವೆರಡರ ನಡುವೆ. ಮೂರು ರಾಶಿಗಳಲ್ಲಿ ಒಂದನ್ನು ಮಾತ್ರ ಮತ್ತೆ ಅಳೆಯಲು ಪುರಸೊತ್ತಿದ್ದರೆ ಎರಡನೆಯ ರಾಶಿಯನ್ನು ಅಳೆಯಬೇಕು.